ಒಂದೇ ಒಂದು ಶ್ರೀಮತಿ

ಅಚ್ಚುಕೂಟದಲ್ಲಿ ಅವಳಿಗೆ ಕತ್ತರಿ ಎಂದೇ ಹೆಸರು. ಸನ್ಮಾನ ಪತ್ರದ ಬರಹ ಅವಳ ಮೇಜಿಗೆ ಬಂತೆಂದರೆ ಅರ್ಧಕ್ಕರ್ಧ ಬಿರುದುಗಳು ಅಲ್ಲೇ ಉದುರುತ್ತಿದ್ದವು. ಮದುವೆ ಕಾಗದ, ಬಿಲ್ಲು ಪುಸ್ತಕ, ತಿಥಿ ಕಾರ್ಡು ಏನನ್ನು ಬೇಕಾದರೂ ಸಹಿಸಿಕೊಂಡು ಜೋಡಿಸುವಳು. ಆದರೆ ನಿವೃತ್ತನಾಗುವ ಗುಮಾಸ್ತನನ್ನು 'ಕರ್ಮಯೋಗಿ' ಎಂದು ಕರೆದ ಸಾಲು ಕಂಡರೆ ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು.

ಅವಳ ಲೆಕ್ಕ ಸರಳ. ಮೊದಲ ಸಲ ಹೆಸರು ಬಂದಾಗ ಒಂದು ಬಿರುದು. ಡಾಕ್ಟರ್ ಎಂದು ಬರೆದ ಮೇಲೆ ಅದರ ಹಿಂದೆ ಶ್ರೀ ಬೇಡ. ಹೆಸರಿನ ಜೊತೆ 'ಅವರು' ಒಮ್ಮೆ ಬಂದರೆ ಸಾಕು, ಆಮೇಲೆ 'ಬಂದರು, ಕಲಿಸಿದರು' ಎನ್ನುವುದರಲ್ಲೇ ಗೌರವ ಇರುತ್ತದೆ, ಸಾಲುಸಾಲಿಗೂ 'ಶ್ರೀಯುತರು' ಎಂದು ಬಾಗಿಲು ತಟ್ಟಬೇಕಾಗಿಲ್ಲ. ಉಳಿದ ಜಾಗದಲ್ಲಿ ಮನುಷ್ಯ ಏನು ಮಾಡಿದ ಎಂಬುದನ್ನು ಬರೆಯಬೇಕು. ಏನೂ ಮಾಡದವರಿಗೇ ಬಿರುದು ಹೆಚ್ಚು ಬೇಕಾಗುತ್ತದೆ ಎಂದು ಅವಳು ಜೊತೆಯವರಿಗೆ ಹೇಳುವಳು. ಹೇಳಿ ತಾನೇ ಮೊದಲು ನಗುವಳು, ಆ ನಗುವಿನಲ್ಲಿ ಕರುಣೆ ಎಳ್ಳಷ್ಟೂ ಇರುತ್ತಿರಲಿಲ್ಲ.

ಅವಳ ತಿರಸ್ಕಾರದ ಬಹುಪಾಲು ದೊಡ್ಡಾಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ಮೀಸಲು. ಅವರು ಆಸ್ಪತ್ರೆ ಕಚೇರಿಯ ಮುಖ್ಯಸ್ಥರು, ನೌಕರರ ಸಂಘದ ಕಾರ್ಯದರ್ಶಿಯೂ ಹೌದು. ಪ್ರತಿವರ್ಷ ನಿವೃತ್ತರಾಗುವವರಿಗೆ ಸಂಘ ಸನ್ಮಾನ ಮಾಡುತ್ತಿತ್ತು. ಅವರ ಬಳಿ ಇದ್ದುದು ಒಂದೇ ಬರಹ. ಹೆಸರು ಅಳಿಸಿ ಹೆಸರು ಹಾಕುವುದು, ಅಷ್ಟೇ. ಹೋದ ವರ್ಷ ಎಕ್ಸ್-ರೇ ತೆಗೆಯುವವನಿಗೆ ತೊಡಿಸಿದ್ದ ಅಂಗಿಯನ್ನೇ ಈ ವರ್ಷ ಅಡಿಗೆಯವನಿಗೂ ತೊಡಿಸುತ್ತಿದ್ದರು. ಬೊಜ್ಜಿದ್ದರೂ ಬಡಕಲಾಗಿದ್ದರೂ ಅದೇ ಅಳತೆ.

ಈ ಸಲ ಅವರು ತಂದ ಹಾಳೆಯಲ್ಲಿ ಅಳಿಸಿ ಬರೆದಿದ್ದ ಹೆಸರು ಅವಳ ಸ್ವಂತ ಅಕ್ಕನದು.

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೂದಲು ನೆರೆಯುವವರೆಗೆ ದುಡಿದವಳು. ಅವ್ವ ಹೋದ ಮೇಲೆ ಕತ್ತರಿಯನ್ನು ಸಾಕಿ, ಓದಿಸಿ, ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಹಾಳೆಯಲ್ಲಿ ಅವಳು 'ಪರಮಪೂಜ್ಯ, ಸನ್ಮಾನ್ಯ, ದಾನಶೂರ, ಆಡಳಿತ ಚತುರ, ಮಾತೃಶ್ರೀ' ಆಗಿದ್ದಳು. 'ದಾನಶೂರ' ಎಂಬುದು ಹಿಂದೊಮ್ಮೆ ಆಂಬುಲೆನ್ಸ್ ಕೊಡಿಸಿದ ಕಂಟ್ರಾಕ್ಟರನದು, ತೆಗೆಯಲು ಮರೆತಿದ್ದರು.

ಅಕ್ಕ ಆಸ್ಪತ್ರೆಯಲ್ಲಿ ಏನು ಕೆಲಸ ಮಾಡುತ್ತಿದ್ದಳು ಗೊತ್ತೇ ಎಂದು ಕತ್ತರಿ ಕೇಳಿದಳು. ಲಾಂಡ್ರಿ ತಾನೇ ಎಂದರು. ಲಾಂಡ್ರಿಯಲ್ಲಿ ಏನು ಎಂದಳು. ಸೂಪರಿಂಟೆಂಡೆಂಟರು ಕನ್ನಡಕ ಒರೆಸಿಕೊಂಡು, ಬಿರುದು ಜಾಸ್ತಿಯಾದರೆ ಯಾರಪ್ಪನ ಮನೆ ಗಂಟು ಹೋಗುತ್ತದೆ ಎಂದು ಕೇಳಿದರು. ಅವಳು ಹಾಳೆಯನ್ನು ಎರಡು ಬೆರಳಿನಲ್ಲಿ ಹಿಡಿದು ಪಕ್ಕಕ್ಕಿಟ್ಟಳು.

ಅಂದೇ ಕೂತು ತಾನೇ ಬರೆದಳು. ಒಂದೂ ಬಿರುದಿಲ್ಲ. ಹೆಸರು, ಸೇರಿದ್ದು, ದುಡಿದದ್ದು, ಬಿಡುತ್ತಿರುವುದು. ಎಷ್ಟು ಚೊಕ್ಕಟವಾಗಿದೆ ಎಂದು ಬೀಗುತ್ತಾ ಸಂಜೆ ಎರಡು ಹಾಳೆಗಳನ್ನೂ ಮನೆಗೆ ಒಯ್ದಳು.

ಅಕ್ಕ ನೆಲದ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಸೂಪರಿಂಟೆಂಡೆಂಟರ ಹಾಳೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವಳ್ಯಾರೇ, ಸತ್ತು ಹೋದ ಮಹಾರಾಣಿಯಾ ಎಂದಳು. ಕತ್ತರಿ ಹಿಗ್ಗಿ ತನ್ನದನ್ನು ಓದಿದಳು. ಅಕ್ಕ ನಗಲಿಲ್ಲ. ದಿಂಬಿನ ಗವಸನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಇದು ನಾನೇ ಕಣೆ. ಆದ್ರೆ ಹಾಜರಿ ಕರೆದ ಹಾಗಿದೆ," ಎಂದಳು. "ಅಲ್ಲಿ ಡಾಕ್ಟ್ರಿಗೆ ಡಾಕ್ಟ್ರು ಅಂತಾರೆ, ನರ್ಸಿಗೆ ಸಿಸ್ಟರ್ ಅಂತಾರೆ. ನನಗೆ ಇಷ್ಟು ದಿನ 'ಏ ಲಾಂಡ್ರಿ, ಬಾ ಇಲ್ಲಿ'. ಹೆಸರಿನ ಹಿಂದೆ ಒಂದು ಶ್ರೀಮತಿ ಯಾರೂ ಬರೆದಿಲ್ಲ. ನೀನೂ ಬರೀಲಿಲ್ಲ."

ಕತ್ತರಿಗೆ ಕೆನ್ನೆಗೆ ಹೊಡೆದಂತಾಯಿತು. ಬಿರುದು ತಿಂದು ತೇಗುವವರ ಮೇಲಿನ ಸಿಟ್ಟಿನಲ್ಲಿ, ಜನ್ಮದಲ್ಲಿ ಒಂದು ತುತ್ತೂ ಸಿಗದವಳ ತಟ್ಟೆಯನ್ನೇ ಎತ್ತಿಕೊಂಡು ಹೋಗಿದ್ದಳು. ನಾಚಿಕೆಯಾಯಿತು. ನಾಚಿಕೆಯಾದಾಗ ಅವಳು ಬೈಯುವುದು ರೂಢಿ. ಇಡೀ ಸಂಘವನ್ನು ಬೈಯುತ್ತಲೇ ಮತ್ತೆ ಬರೆಯಲು ಕೂತಳು, ಅಕ್ಕ ಮಡಚುತ್ತಾ ಹೇಳುತ್ತಾ ಹೋದಳು. ಬರೆದದ್ದು ಹೀಗಿತ್ತು: ಮೊದಲು 'ಶ್ರೀಮತಿ', ಅಕ್ಕನ ಪೂರ್ತಿ ಹೆಸರು, 'ಅವರು'. ಆಮೇಲೆ, 'ಈ ಆಸ್ಪತ್ರೆಗೆ ಬಂದಾಗ ಒಗೆಯುವ ಯಂತ್ರವಿರಲಿಲ್ಲ. ರಕ್ತದ ಕಲೆಗೆ ಬಿಸಿನೀರು ತಾಕಿಸಬಾರದೆಂದು ಹೊಸಬರಿಗೆಲ್ಲ ಕಲಿಸಿದರು. ಹಸುಗೂಸುಗಳ ಬಟ್ಟೆಯನ್ನು ಬೇರೆಯದರ ಜೊತೆ ಎಂದೂ ಸೇರಿಸಲಿಲ್ಲ. ಇಲ್ಲಿ ಮಲಗಿ ಎದ್ದು ಹೋದವರೆಲ್ಲ ಇವರು ಒಗೆದ ಹಾಸುಬಟ್ಟೆಯ ಮೇಲೆ ಮಲಗಿದ್ದರು.' ಬಿರುದು ಒಂದೇ. ಈ ಸಲ ಓದಿ ಮುಗಿಸಿದಾಗ ಅಕ್ಕ, ಇನ್ನೊಂದ್ಸಲ ಓದು ಎಂದಳು.

ಸೂಪರಿಂಟೆಂಡೆಂಟರು ಅದನ್ನು ನೋಡಿ ಮುಖ ಹುಳ್ಳಗೆ ಮಾಡಿದರು. ಉಳಿದವರಿಗೆಲ್ಲ ಕೈತುಂಬ ಬಿರುದಿರುವಾಗ ಇವಳೊಬ್ಬಳಿಗೆ ಒಂದೇ ಎಂದರೆ ಅವಮಾನ ಮಾಡಿದಂತೆ ಕಾಣುತ್ತದೆ ಎಂದರು. ಅದರಲ್ಲಿ ಅಷ್ಟಿಷ್ಟು ನಿಜವಿತ್ತು, ಅದೇ ಅವಳನ್ನು ಇನ್ನಷ್ಟು ಉರಿಸಿತು. ಹಾಗಾದರೆ ಎಲ್ಲರಿಗೂ ಒಂದೊಂದೇ ಇರಲಿ ಎಂದಳು. ಸಂಘದ ಅಧ್ಯಕ್ಷರು ಒಪ್ಪುವುದಿಲ್ಲ ಎಂದರು. ಕೊನೆಗೆ, ಸನ್ಮಾನ ಪತ್ರದ ಚೌಕಟ್ಟಿನೊಳಗೆ ಏನು ಬೇಕಾದರೂ ಅಚ್ಚು ಹಾಕಿಕೋ, ಮೈಕಿನಲ್ಲಿ ಓದುವುದು ನನಗೆ ಬಿಟ್ಟದ್ದು ಎಂದು ಎದ್ದು ಹೋದರು.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಸೀರೆ ಸುಕ್ಕಾಗದಂತೆ ನೆಟ್ಟಗೆ ಕೂತಿದ್ದಳು. ಪಕ್ಕದಲ್ಲಿ ಕತ್ತರಿ. ಸೂಪರಿಂಟೆಂಡೆಂಟರು ಅಧ್ಯಕ್ಷರ ಪರಿಚಯ ಮಾಡಿದರು. ಬಿರುದುಗಳು ಮುಗಿಯುವಷ್ಟರಲ್ಲಿ ಅಧ್ಯಕ್ಷರೇ ಆಕಳಿಸಿದರು. ಆಮೇಲೆ ಒಬ್ಬೊಬ್ಬರಾಗಿ ಕರ್ಮಯೋಗಿಗಳು ಹೋಗಿ ಶಾಲು ಹೊದೆಸಿಕೊಂಡು ಬಂದರು. ಎಲ್ಲರೂ ದಾನಶೂರರು, ಎಲ್ಲರೂ ಆಡಳಿತ ಚತುರರು. ಊರಿಗೆಲ್ಲ ಒಂದೇ ಹಗ್ಗದಿಂದ ತೊಟ್ಟಿಲು ಕಟ್ಟಿದ ಹಾಗಿತ್ತು ಎಂದು ಕತ್ತರಿ ಹಲ್ಲು ಕಡಿದಳು.

ಅಕ್ಕನ ಸರದಿ ಬಂತು. "ಪರಮಪೂಜ್ಯ, ಸನ್ಮಾನ್ಯ, ತ್ಯಾಗಮಯಿ, ಮಾತೃಶ್ರೀ ಮಹಾತಾಯಿಯವರು ವೇದಿಕೆಗೆ ಆಗಮಿಸಬೇಕೆಂದು ಸವಿನಯ ಪ್ರಾರ್ಥನೆ," ಎಂದರು ಸೂಪರಿಂಟೆಂಡೆಂಟರು. ಬಿರುದುಗಳ ನೂಕುನುಗ್ಗಲಿನಲ್ಲಿ ಹೆಸರು ಹೇಳುವುದೇ ಮರೆತುಹೋಗಿತ್ತು.

ಯಾರೂ ಏಳಲಿಲ್ಲ. ಅಕ್ಕ ತಿರುಗಿ, ಮಹಾತಾಯಿ ಯಾರು ಬರುತ್ತಾಳೋ ಎಂದು ಹಿಂದಿನ ಸಾಲುಗಳನ್ನು ನೋಡಿದಳು. ಅವರು ಮತ್ತೊಮ್ಮೆ ಪ್ರಾರ್ಥಿಸಿದರು. ಜನ ಗುಸುಗುಸು ಮಾಡಿದರು, ಅಧ್ಯಕ್ಷರು ಗಡಿಯಾರ ನೋಡಿಕೊಂಡರು. ಸೂಪರಿಂಟೆಂಡೆಂಟರ ತಾಳ್ಮೆ ಕೆಟ್ಟಿತು.

"ಏ ಲಾಂಡ್ರಿ, ನಿನ್ನನ್ನೇ ಕರೀತಿರೋದು. ಬಾ ಇಲ್ಲಿ."

ಮೈಕು ಅದನ್ನು ಕೊನೆಯ ಸಾಲಿನವರೆಗೂ ಮುಟ್ಟಿಸಿತು. ಪೂಜ್ಯತೆಯ ಬಣ್ಣವೆಲ್ಲ ಒಂದೇ ನೀರಿಗೆ ಬಿಟ್ಟಿತ್ತು. ಕತ್ತರಿ ಎದ್ದು ನಿಲ್ಲಲು ಹೋದಳು, ಅವಳ ನಾಲಿಗೆಯ ತುದಿಯಲ್ಲಿ ಏನೇನೋ ಸಿದ್ಧವಾಗಿತ್ತು. ಅಕ್ಕ ಅವಳ ಮೊಣಕೈ ಹಿಡಿದು ಕೂರಿಸಿದಳು. ಕೂತಲ್ಲಿಂದಲೇ, ದನಿ ಏರಿಸದೆ ಮಾತಾಡಿದಳು. ಸಭೆ ಸದ್ದಿಲ್ಲದೆ ಇದ್ದುದರಿಂದ ಎಲ್ಲರಿಗೂ ಕೇಳಿಸಿತು.

"ನಿಮ್ಮ ಕೈಲಿರೋ ಚೌಕಟ್ಟಿನಲ್ಲಿ ನನ್ನ ಹೆಸರು ಬರೆದಿದೆ, ಸಾರ್. ಅದನ್ನ ಓದಿ. ಬರ್ತೀನಿ."

ಸೂಪರಿಂಟೆಂಡೆಂಟರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರು ಚಾವಣಿ ನೋಡಿದರು. ಬೇರೆ ದಾರಿಯಿರಲಿಲ್ಲ. ಚೌಕಟ್ಟನ್ನು ಎತ್ತಿ ಹಿಡಿದು, ಶ್ರೀಮತಿ ಎಂದು ಶುರುಮಾಡಿ, ಹೆಸರು ಹೇಳಿ, ಅವರು ಎಂದರು. ರಕ್ತದ ಕಲೆ, ಹಸುಗೂಸುಗಳ ಬಟ್ಟೆ, ಎಲ್ಲವನ್ನೂ ಓದಿದರು. ಆ ಬಾಯಿಂದ ಅಕ್ಕನ ಹೆಸರಿಗೆ ಬಹುವಚನ ಬಂದದ್ದು ಅದೇ ಮೊದಲು.

ಅವರು ಪೂರ್ತಿ ಓದಿ ಮುಗಿಸುವವರೆಗೂ ಅಕ್ಕ ಏಳಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದರು, ಮೆಟ್ಟಿಲು ಹತ್ತಿ ಹೋದರು.