ಕೆನ್ನೆಗೆ ತಿಳಿಯದ ಕಾವು

ನನ್ನ ಗಂಡ ಇಸ್ತ್ರಿ ಪೆಟ್ಟಿಗೆಯ ಕಾವನ್ನು ಕೆನ್ನೆಯಿಂದ ನೋಡುತ್ತಿದ್ದ. ಬೇರೆಯವರು ನೀರು ಚಿಮುಕಿಸಿ ಚುಂಯ್ ಅನ್ನುತ್ತದೋ ಇಲ್ಲವೋ ಎಂದು ಕೇಳುತ್ತಾರೆ. ಆತ ಪೆಟ್ಟಿಗೆಯನ್ನು ಎತ್ತಿ ಎಡಗೆನ್ನೆಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದ, ಎರಡು ಉಸಿರು ಎಳೆಯುವಷ್ಟು ಹೊತ್ತು. ಆಮೇಲೆ ಯಾವ ಬಟ್ಟೆ ಕೊಡಬೇಕೆಂದು ನನಗೆ ಹೇಳುತ್ತಿದ್ದ. ತಪ್ಪುತ್ತಿರಲಿಲ್ಲ.

ನಮ್ಮ ಅಂಗಡಿ ಇದ್ದದ್ದು ಬೆಟಗೇರಿಯಲ್ಲಿ. ಅಂಗಡಿ ಎಂದರೆ ನಾಲ್ಕು ಕಂಬ, ಒಂದು ತಗಡು, ಕಂಬಳಿ ಹಾಸಿದ ಒಂದು ಹಲಗೆ. ನಾನು ಶಿಗ್ಲಿಯಿಂದ ಮದುವೆಯಾಗಿ ಬಂದಾಗ ಬಟ್ಟೆ ಒಗೆಯುವುದು ಗೊತ್ತಿತ್ತು, ಇಸ್ತ್ರಿ ಗೊತ್ತಿರಲಿಲ್ಲ. ಆತನೇ ಕಲಿಸಿದ. ಪ್ರೀತಿಯಿಂದ ಕಲಿಸಿದ ಎಂದೇನೂ ಹೇಳುವುದಿಲ್ಲ. ಕೆಲಸ ಮುಗಿಯಬೇಕಾಗಿತ್ತು, ಕಲಿಸಿದ.

ಇದ್ದಲಿ ಕೆಂಪಗೆ ಉರಿಯುವಾಗ ಹತ್ತಿ ಬಟ್ಟೆ. ಧೋತರ, ಗಂಜಿ ಹಾಕಿದ ಅಂಗಿ, ಎಲ್ಲ ನೀರು ಚಿಮುಕಿಸಿ ಸುತ್ತಿಟ್ಟಿದ್ದು. ಹತ್ತಿ ಎಷ್ಟು ಕಾವನ್ನಾದರೂ ತಡೆಯುತ್ತದೆ, ಪೆಟ್ಟಿಗೆ ಒಂದೇ ಕಡೆ ನಿಲ್ಲಬಾರದು ಅಷ್ಟೇ. ಅದರ ಹಿಂದೆ ಉಣ್ಣೆ, ಅದೂ ಮೇಲೆ ಒದ್ದೆ ಬಟ್ಟೆ ಹಾಸಿಕೊಂಡು. ಕೆಂಡದ ಮೇಲೆ ಬೂದಿ ಕೂತ ಮೇಲೆ ಟೆರಿಕಾಟ್, ಆಮೇಲೆ ರೇಷ್ಮೆ. ರೇಷ್ಮೆಯನ್ನು ಒಳಮಗ್ಗಲಿಗೆ ತಿರುವಿ, ಮೇಲೆ ತೆಳ್ಳಗಿನ ಒಣ ಬಟ್ಟೆ ಹಾಕಬೇಕು. ಅದಕ್ಕೆ ನೀರು ಚಿಮುಕಿಸಿದರೆ ಹನಿ ಬಿದ್ದಲ್ಲೆಲ್ಲ ಕಲೆ ಉಳಿಯುತ್ತದೆ. ಪೆಟ್ಟಿಗೆ ಇನ್ನೇನು ಆರಿತು ಅನ್ನುವಾಗ ನೈಲಾನ್.

ಆಗ ಟೆರಿಲಿನ್ ಹೊಸದಾಗಿ ಎಲ್ಲರ ಮೈಮೇಲೆ ಬಂದಿತ್ತು. ಕೊಟ್ಟವರಿಗೇ ಅದು ಯಾವ ಬಟ್ಟೆ ಎಂದು ಗೊತ್ತಿರುತ್ತಿರಲಿಲ್ಲ. ಆತ ಹೊಲಿಗೆಯ ಒಳಗಿನಿಂದ ಒಂದು ಎಳೆ ಕಿತ್ತು ಕೆಂಡಕ್ಕೆ ಹಿಡಿಯುತ್ತಿದ್ದ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಟೆರಿಲಿನ್ ಆದರೆ ಕರಗಿ ಸಾಸಿವೆಯಂಥ ಗಟ್ಟಿ ಗುಂಡು. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಈ ಕೊನೆಯ ವಾಸನೆಯೇ ಮುಂದೆ ನನಗೆ ಎಲ್ಲ ತಿಳಿಸಿತು.

ನಮ್ಮ ದೊಡ್ಡ ಗಿರಾಕಿ ಎಂದರೆ ಗದಗಿನ ಒಬ್ಬ ವಕೀಲರು. ಅವರ ಕರಿ ಕೋಟು ಉಣ್ಣೆಯದು. ಕರಿ ಉಣ್ಣೆಯ ಮೇಲೆ ಬರೀ ಪೆಟ್ಟಿಗೆ ಇಟ್ಟರೆ ತಗಡಿನ ಹಾಗೆ ಹೊಳೆಯುತ್ತದೆ. ಒದ್ದೆ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಒತ್ತಿ ಎತ್ತಬೇಕು, ಒತ್ತಿ ಎತ್ತಬೇಕು. ಎಳೆದಾಡಬಾರದು. ಉಗಿ ಒಳಗೆ ಇಳಿಯಬೇಕು. ಮೇಲಿನ ಬಟ್ಟೆ ಪೂರಾ ಒಣಗುವ ಮೊದಲೇ ತೆಗೆದು, ಉಗಿ ಆಡುತ್ತಿರುವಾಗಲೇ ಕಟ್ಟಿಗೆಯ ತುಂಡಿನಿಂದ ಒತ್ತಿ ಹಿಡಿದರೆ ಗೆರೆ ನಿಲ್ಲುತ್ತದೆ. ಮೇಲೆ ಒಂದು ಸಲ ಬ್ರಷ್ ಆಡಿಸಿದರೆ ಆಯಿತು. ವಕೀಲರು ಕೋಟನ್ನು ಬೆಳಕಿಗೆ ಹಿಡಿದು ನೋಡಿ, "ಹೊಲಿದವನಕಿಂತ ನೀ ಶಾಣ್ಯಾ ಇದ್ದೀಯೋ" ಎನ್ನುತ್ತಿದ್ದರು. ಆತನಿಗೆ ಅಷ್ಟು ಸಾಕು. ಅವತ್ತು ಊಟದಲ್ಲಿ ಉಪ್ಪು ಹೆಚ್ಚಾಗಿದ್ದರೂ ಬೈಯುತ್ತಿರಲಿಲ್ಲ.

ಮೊದಲು ಕಮರಿದ್ದು ಒಂದು ಬಿಳಿ ಪಾಪ್ಲಿನ್ ಅಂಗಿ. ಬೆನ್ನಿನ ಮೇಲೆ ಪೆಟ್ಟಿಗೆಯ ಮೂತಿಯಷ್ಟು ಹಳದಿ. ನಾನು ಲಿಂಬೆರಸ ಹಚ್ಚಿ, ಒದ್ದೆ ಮಾಡಿ, ಬಿಸಿಲಿಗೆ ಹಾಕಿ ತೆಗೆದೆ. ಹಳದಿ ತೆಗೆಯಬಹುದು. ಕಂದು ಬಣ್ಣಕ್ಕೆ ಬಂದರೆ ಎಳೆಯೇ ಸತ್ತಿದೆ ಎಂದು ಅರ್ಥ, ಅದನ್ನು ತೆಗೆಯಲು ಬರುವುದಿಲ್ಲ.

"ಇದ್ದಲಿ ಸರಿ ಇಲ್ಲ, ಜಾಲಿ ಕಟಗಿದು ಕೊಟ್ಟಾನ ಇದ್ದಲಿ ಮಾರೋ ಮಗಾ" ಎಂದ ಆತ.

ಎಂಟು ದಿನಕ್ಕೆ ವಕೀಲರ ಕೋಟಿನ ತೋಳು ಹೊಳೆಯಿತು. ಮೇಲೆ ಹಾಸಿದ ಬಟ್ಟೆ ಒಣಗಿ ಹೋಗಿದ್ದರೂ ಒತ್ತುತ್ತಲೇ ಇದ್ದ. ಎಡಗೈ ಬಟ್ಟೆಯ ಮೇಲೆಯೇ ಇತ್ತು, ಒಣಗಿದ್ದು ತಿಳಿಯಲಿಲ್ಲ. ನಾನು ಮತ್ತೆ ಒದ್ದೆ ಬಟ್ಟೆ ಹಾಸಿ, ಪೆಟ್ಟಿಗೆಯನ್ನು ಮೇಲೆ ತೂಗಿ ಹಿಡಿದು, ಬರೀ ಉಗಿ ಕೊಟ್ಟು ಬ್ರಷ್ ಎಳೆದೆ. ಒತ್ತಿಹೋದ ಉಣ್ಣೆಯ ನವಿರು ಎದ್ದಿತು. ಹೊಳಪು ಮುಕ್ಕಾಲು ಹೋಯಿತು, ಕಾಲು ಉಳಿಯಿತು.

ಮೂರನೆಯದು ಶಾಲೆಯ ಅಕ್ಕೋರ ಟೆರಿಲಿನ್ ಸೀರೆ. ಪೆಟ್ಟಿಗೆ ಇಟ್ಟಲ್ಲಿ ಕರಗಿ ಗಾಜಿನಂತಾಯಿತು. ಟೆರಿಲಿನ್ ಕರಗಿದರೆ ಲಿಂಬೆ ಇಲ್ಲ, ಬಿಸಿಲಿಲ್ಲ, ಏನೂ ಇಲ್ಲ. ಅಕ್ಕೋರು ಓಣಿಯವರೆಲ್ಲ ಕೇಳುವ ಹಾಗೆ ಬೈದರು.

"ಮುಂಜಾನೇನ ಕುಡದು ನಿಂದರತಾನೇನವಾ ನಿನ ಗಂಡ?"

"ಕುಡಿಯಾಂಗಿಲ್ರಿ ಅಕ್ಕೋರ."

"ಮತ್ತ ಕಣ್ ಕಾಣ್ಸಂಗಿಲ್ಲೇನ?"

ಕಣ್ಣೂ ಕಾಣುತ್ತಿತ್ತು. ಆತ ಕುಡಿಯುತ್ತಾನೆ ಎಂದು ಸುದ್ದಿ ಹಬ್ಬಿತು. ಹಬ್ಬಲಿ ಎಂದು ಬಿಟ್ಟೆ. ಕುಡುಕ ಎನ್ನುವುದು ಅಂಥ ದೊಡ್ಡ ಮಾತಲ್ಲ, ಬಟ್ಟೆ ಕೊಡುವುದನ್ನು ಅದಕ್ಕೆ ಯಾರೂ ಬಿಡುವುದಿಲ್ಲ.

ಒಂದು ದಿನ ಮಧ್ಯಾಹ್ನ ನಾನು ಹಿಂದೆ ಕುಳಿತು ಬಟ್ಟೆ ವಿಂಗಡಿಸುತ್ತಿದ್ದೆ. ಕೂದಲು ಸುಟ್ಟ ವಾಸನೆ ಬಂತು. ವಕೀಲರ ಕೋಟು ಹೋಯಿತು ಎಂದು ಎದ್ದು ಓಡಿದೆ. ಕೋಟು ಮೊಳೆಗೆ ತೂಗುಬಿದ್ದಿತ್ತು, ಹಲಗೆ ಖಾಲಿ ಇತ್ತು. ಆತ ಪೆಟ್ಟಿಗೆಯನ್ನು ಕೆನ್ನೆಗೆ ಹಿಡಿದು ನಿಂತಿದ್ದ. ಒಂದು ಗೇಣಲ್ಲ, ಬೆರಳಿನಷ್ಟು ದೂರದಲ್ಲಿ. ಕಿವಿಯ ಮುಂದಿನ ಕೂದಲು ಸುರುಟಿ ಹೊಗೆ ಆಡುತ್ತಿತ್ತು.

"ಏನ್ ಮಾಡಾಕತ್ತೀರಿ!"

"ಕಾವ್ ನೋಡಾಕತ್ತೀನಿ. ಇನ್ನೂ ಏರಿಲ್ಲ."

ನಾನು ಪೆಟ್ಟಿಗೆ ಕಸಿದುಕೊಂಡೆ. ಕೆನ್ನೆಯ ಮೇಲೆ ಗುಳ್ಳೆ ಏಳುತ್ತಿತ್ತು. ಗುಳ್ಳೆಯ ಸುತ್ತ ರೂಪಾಯಿಗಿಂತ ದೊಡ್ಡದಾದ ಬಿಳಿಚು ಮಚ್ಚೆ. ಅದನ್ನು ನಾನು ಮೊದಲೂ ನೋಡಿದ್ದೆ, ಬಿಸಿಲಿನ ಕಲೆ ಎಂದುಕೊಂಡಿದ್ದೆ. ಉಗುರಿನಿಂದ ಚುಚ್ಚಿದೆ. ಆತ ನನ್ನ ಮುಖವನ್ನೇ ನೋಡುತ್ತಿದ್ದ. ಎಡಗೈ ಹಿಡಿದು ನೋಡಿದರೆ ಕಿರುಬೆರಳು, ಅದರ ಪಕ್ಕದ್ದು, ಎರಡೂ ಅರ್ಧ ಮಡಿಚಿದ್ದವು. ಉಗಿ ತಗುಲಿ ಚರ್ಮ ಸುಲಿದಿತ್ತು. ಅದೂ ಆತನಿಗೆ ಗೊತ್ತಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಆತನ ಕಣ್ಣು ಮುಚ್ಚಿಸಿ ಕೆನ್ನೆಗೆ ಅರಳೆ ಮುಟ್ಟಿಸಿದರು.

"ಮುಟ್ಟಿದ್ದು ತಿಳೀತೇನು?"

"ಮುಟ್ರಿ, ಹೇಳ್ತೀನಿ" ಎಂದ ಆತ. ಡಾಕ್ಟರು ಆಗಲೇ ಮೂರು ಸಲ ಮುಟ್ಟಿದ್ದರು.

ಬಿಳಿ ಗುಳಿಗೆ ಕೊಟ್ಟರು. ವರ್ಷಗಟ್ಟಲೆ ತಪ್ಪದೆ ನುಂಗಬೇಕು ಎಂದರು. ಕುಷ್ಠ ವಾಸಿಯಾಗುತ್ತದೆ, ಗುಳಿಗೆ ತಿಂದರೆ ಇನ್ನೊಬ್ಬರಿಗೆ ಅಂಟುವುದಿಲ್ಲ ಎಂದರು. ಹೋದ ಸ್ಪರ್ಶ ಬರುತ್ತದೆಯೇ ಎಂದು ಆತ ಕೇಳಿದ. ಬರುವ ಭರವಸೆ ಇಲ್ಲ ಎಂದರು. ಬೆಂಕಿಯ ಕೆಲಸ ಬಿಟ್ಟುಬಿಡು ಎಂದೂ ಹೇಳಿದರು. ಆತ ಹಲಗೆ ಬಿಟ್ಟು ಬೇರೇನು ಮಾಡಬೇಕು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆವತ್ತಿನಿಂದ ಕೆನ್ನೆ ನನ್ನದು, ಕೈ ಆತನದು. ನಾನು ಪೆಟ್ಟಿಗೆ ಹಿಡಿದು ಕಾವು ನೋಡಿ ಹೇಳುತ್ತಿದ್ದೆ. ಬಟ್ಟೆಯ ಒದ್ದೆಯನ್ನೂ ನಾನೇ ಮುಟ್ಟಿ ನೋಡುತ್ತಿದ್ದೆ. ಆತ ಎಡಗೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಒತ್ತುತ್ತಿದ್ದ. ಕೆಲಸ ನಡೆಯಿತು, ಒಂದು ಬಟ್ಟೆಯೂ ಕಮರಲಿಲ್ಲ. ಆದರೆ ಸುತ್ತಿದ ಕೈಯನ್ನು ಜನ ನೋಡಿದರು, ಮುಖವನ್ನೂ ನೋಡಿದರು. ಬಟ್ಟೆ ಕಮರಿಸಿದಾಗ ಬೈದರೂ ಮತ್ತೆ ಕೊಡುತ್ತಿದ್ದವರು ಈಗ ಬೈಯದೆಯೇ ಬಟ್ಟೆ ಕೊಡುವುದನ್ನು ಬಿಟ್ಟರು. ಅಕ್ಕೋರು ದೂರದಿಂದಲೇ, "ನಾನ ಮನ್ಯಾಗ ಮಾಡ್ಕೋತೀನವಾ, ನಿನಗ್ಯಾಕ ತ್ರಾಸ" ಎಂದರು.

ನಾನೇನು ದೊಡ್ಡ ಮನಸ್ಸಿನವಳಲ್ಲ. ಆತನ ಊಟದ ಗಂಗಾಳವನ್ನು ಬೇರೆ ಇಟ್ಟವಳು ನಾನೇ. ಡಾಕ್ಟರ ಮಾತನ್ನು ನನ್ನ ಕಿವಿ ಕೇಳಿತ್ತು, ಕೈ ಕೇಳಲಿಲ್ಲ. ಆತ ಆ ಗಂಗಾಳವನ್ನು ನೋಡಿದ, ಅದರಲ್ಲೇ ಉಂಡ.

ಆಮೇಲೆ ಹಲಗೆಯ ಹಿಂದೆ ಗೋಣಿಚೀಲದ ಪರದೆ ಕಟ್ಟಿದೆ. "ಒಳಗ ಕುಂದರ್ರಿ. ಮಂದಿ ಬಂದಾಗ ಹೊರಗ ಬರಬ್ಯಾಡ್ರಿ" ಎಂದೆ. ಕೇಳಿದವರಿಗೆ ಆತ ಶಿರಹಟ್ಟಿಗೆ ಅಣ್ಣನ ಮನೆಗೆ ಹೋಗಿದ್ದಾನೆ ಎಂದು ಹೇಳಿದೆ. ಕೆಲವರು ತಿರುಗಿ ಬಂದರು. ಗಿರಾಕಿ ಇಲ್ಲದಾಗ ಪರದೆಯ ಹಿಂದಿನಿಂದ ಆತ ಕೇಳುತ್ತಿದ್ದ, "ಹೆಂಗೈತಿ ಕಾವು?" ನಾನು ಹೇಳುತ್ತಿದ್ದೆ. "ಹಂಗಾದ್ರ ಈಗ ರೇಷ್ಮಿ ತೊಗೊ. ಜರೀ ಅಂಚು ಕಂಬಳಿ ಮ್ಯಾಲ ಬೋರಲ ಹಾಕು." ಮಾತು ಸರಿಯಾಗಿಯೇ ಇರುತ್ತಿತ್ತು.

ವಕೀಲರು ಹೊಸ ಕೋಟು ಹೊಲಿಸಿದ್ದರು. ಆತ ಊರಲ್ಲಿಲ್ಲ ಎಂದು ತಿಳಿದಿದ್ದರೂ ನನಗೇ ಕೊಟ್ಟು ಹೋದರು. ಪರದೆಯ ಸಂದಿಯಿಂದ ಆತ ಕೋಟನ್ನು ನೋಡಿದ.

"ಇದೊಂದು ನಾ ಮಾಡ್ತೀನಿ."

"ಬ್ಯಾಡ್ರಿ. ಯಾರರ ನೋಡಿದ್ರ?"

"ಇದೊಂದ. ಮತ್ತ ಕೇಳಾಂಗಿಲ್ಲ."

ಮರುದಿನ ನಸುಕಿನಲ್ಲಿ, ರಸ್ತೆಗೆ ಜನ ಬರುವ ಮೊದಲು, ಇದ್ದಲಿ ಹೊತ್ತಿಸಿದೆ. ನಾನು ಕಾವು ನೋಡಿದೆ, ಬಟ್ಟೆ ಹಿಂಡಿ ಹಾಸಿದೆ. ಆತ ತೋಳಿನೊಳಗೆ ಸುತ್ತಿದ ಟವೆಲು ತೂರಿಸಿ, ಗೆರೆ ಬೀಳದಂತೆ ದುಂಡಗೆ ಒತ್ತಿದ. ಕಾಲರಿನ ಅಡಿಯಲ್ಲಿ ಬರೀ ಉಗಿ ಕೊಟ್ಟ. ಒಳಗಿನ ಹೊಲಿಗೆಯ ಅಂಚು ಮೇಲೆ ಅಚ್ಚಾಗದಂತೆ ಅದರ ಕೆಳಗೆ ಕಾಗದದ ಪಟ್ಟಿ ಇಟ್ಟ. ಅದು ನನಗೆ ಗೊತ್ತೇ ಇರಲಿಲ್ಲ, ಅವತ್ತೇ ನೋಡಿದ್ದು. ಕೋಟನ್ನು ಮೊಳೆಗೆ ಹಾಕಿದಾಗ ಎಲ್ಲಿಯೂ ಹೊಳಪಿರಲಿಲ್ಲ. ಬೆಳಕನ್ನು ಕುಡಿದ ಹಾಗೆ ಕಪ್ಪಗಿತ್ತು.

ನಾನೇ ವಕೀಲರ ಮನೆಗೆ ಒಯ್ದೆ. ಅವರು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾರ್ ಮಾಡಿದ್ದವಾ ಇದು? ನಿನ ಗಂಡ ತಿರುಗಿ ಬಂದಾನೇನು?"

ಕೇಳುವಾಗಲೇ ಕೋಟನ್ನು ಮೈಯಿಂದ ಸ್ವಲ್ಪ ದೂರ ಹಿಡಿದರು. ಅದನ್ನು ನಾನು ನೋಡಿದೆ.

"ಇಲ್ರಿ ಸಾಹೇಬ್ರ. ನಾನ ಮಾಡೀನಿ."

"ಅವನಕಿಂತ ಛಲೋ ಮಾಡೀ ನೋಡು" ಎಂದು ಕೋಟನ್ನು ಹತ್ತಿರಕ್ಕೆ ಎಳೆದುಕೊಂಡರು.

ಅಂಗಡಿಗೆ ತಿರುಗಿ ಬಂದೆ. ಆತ ಪರದೆಯ ಹಿಂದೆ ಕುಳಿತಿದ್ದ.

"ಏನಂದ್ರು?"

"ಛಲೋ ಆಗೇತಿ ಅಂದ್ರು."

"ಯಾರ್ ಮಾಡಿದ್ದು ಅಂತ ಕೇಳಿದ್ರೇನು?"

"ಕೇಳಿದ್ರು."

ನಾನು ಏನು ಹೇಳಿದೆ ಎಂದು ಆತ ಕೇಳಲಿಲ್ಲ. ಮರುದಿನ ಪೆಟ್ಟಿಗೆಗೆ ಕೆಂಡ ತುಂಬಿ, ಕೆನ್ನೆಗೆ ಹಿಡಿದು, ಪರದೆಯ ಕಡೆಯಿಂದ ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆತ ಇನ್ನೂ ಒಂಬತ್ತು ವರ್ಷ ಬದುಕಿದ್ದ, ಗುಳಿಗೆ ತಿಂದು ರೋಗ ವಾಸಿಯೂ ಆಯಿತು. ಕಾವು ಹೆಂಗೈತಿ ಎಂದು ಮಾತ್ರ ಮತ್ತೆ ಕೇಳಲೇ ಇಲ್ಲ.