ಹದಿಮೂರು ಟ್ಯಾಂಕರ್ ನೀರು

ಮಧುಗಿರಿಯಿಂದ ಕೊರಟಗೆರೆ ಕಡೆಗೆ ಹೋಗುವ ರಸ್ತೆಯಲ್ಲಿ ನಮಗೊಂದು ಚೂರು ಜಮೀನಿದೆ. ಅಲ್ಲಿ ನನ್ನ ಗಂಡ ಈಜುಕೊಳ ಕಟ್ಟಿಸುತ್ತೇನೆಂದಾಗ ನಾನು ಕೇಳಿದ್ದು ಒಂದೇ: ಬೇಸಿಗೆ ರಜೆಯಲ್ಲಿ ಬೆಳಗಿನ ಹೊತ್ತು ಹೆಣ್ಣುಮಕ್ಕಳಿಗೆ ಮಾತ್ರ ಬಿಡಬೇಕು. ನಮ್ಮ ಕಡೆ ಹುಡುಗರು ಬಾವಿಗೆ ಹಾರಿ ಈಜು ಕಲಿಯುತ್ತಾರೆ, ಹುಡುಗಿಯರು ದಡದಲ್ಲಿ ಅವರ ಬಟ್ಟೆ ಕಾಯುತ್ತಾರೆ. ನಾನೂ ಹಾಗೆ ಕಾದವಳೇ. ಹನ್ನೆರಡು ಮನೆಗಳಿಗೆ ಹೋಗಿ, ತಾಯಂದಿರ ಜೊತೆ ಕಾಫಿ ಕುಡಿದು, ಸೋಮವಾರದಿಂದ ಕಳಿಸಿ ಎಂದು ಹೇಳಿಬಂದಿದ್ದೆ.

ಕೊಳವೇನೋ ಸಿದ್ಧವಾಯಿತು. ನಮ್ಮ ಬೋರ್‌ವೆಲ್ ನೀರು ಮಾತ್ರ ಬೆರಳು ಗಾತ್ರದ್ದು. ಪಕ್ಕದ ತೋಟದ ಅಜ್ಜಿ, ಕನಕಾಂಬರ ಬೆಳೆಯುವವರು, ತಮ್ಮ ಬೋರಿನಿಂದ ಕೊಡಲು ಒಪ್ಪಿದರು. "ದಿನಕ್ಕೆ ಏಳು ಟ್ಯಾಂಕರ್, ಎರಡು ದಿನ. ಮೂರನೇ ದಿನ ಕೇಳ್ಬೇಡ ಕಣಮ್ಮ, ನನ್ ಹೂವ ಒಣಗಿಬುಡ್ತವೆ" ಎಂದರು. ಹದಿನಾಲ್ಕು ಸಾಕಾಗುತ್ತದೆಯೇ ಎಂದು ಯಾರೂ ಲೆಕ್ಕ ಹಾಕಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಲೆಕ್ಕ ಹಾಕಿದರು. ಊರಿನ ಅರ್ಧ ಮನೆಗಳ ಸಂಪು ಕಟ್ಟಿದ ಕೈ ಅವರದು. ಆಳದ ತುದಿಯಲ್ಲಿ ಕೋಲು ಇಳಿಸಿ, ನೀರು ನಿಲ್ಲಬೇಕಾದ ನೀಲಿ ಟೈಲ್‌ವರೆಗೆ ಅಳೆದರು. ಆರಡಿ. ಉದ್ದ ನಲವತ್ತು, ಅಗಲ ಹದಿನೈದು. ಸಿಮೆಂಟ್ ಚೀಲದ ಕಾಗದದ ಮೇಲೆ ಗುಣಿಸಿದರು: ಮೂರು ಸಾವಿರದ ಆರುನೂರು ಘನ ಅಡಿ. ಘನ ಅಡಿಗೆ ಇಪ್ಪತ್ತೆಂಟು ಲೀಟರ್ ಚಿಲ್ಲರೆ.

"ಒಂದು ಲಕ್ಷದ ಮೇಲಾಯ್ತದೆ ಸಾರ್. ಆರು ಸಾವಿರದ ಟ್ಯಾಂಕರ್ ಆದ್ರೆ ಹದಿನೇಳು."

ನನ್ನ ಗಂಡ ತಲೆ ಕೆರೆದುಕೊಂಡರು. "ಅಜ್ಜಿ ಕೊಡೋದು ಹದಿನಾಲ್ಕು. ಅರೆಬರೆ ತುಂಬಿಸಿದ್ರೆ ಫಿಲ್ಟರ್ ನೀರೆಳೆಯಲ್ಲ. ಈ ವರ್ಷ ಬೇಡ ಬಿಡು, ಆ ತಾಯಂದಿರಿಗೆ ಫೋನ್ ಮಾಡ್ಬಿಡು."

ಫೋನ್ ಕೈಯಲ್ಲಿ ಹಿಡಿದು ಖಾಲಿ ಕೊಳದ ಅಂಚಿನಲ್ಲಿ ಕುಳಿತೆ. ಒಂದು ಓತಿಕ್ಯಾತ ಕೆಳಗೆ ಟೈಲ್ ಮೇಲೆ ಓಡಿತು. ಗೋಡೆ ಹತ್ತದೆ, ತಳದಲ್ಲೇ ನನ್ನ ಬಲಗಡೆಯಿಂದ ಎಡಗಡೆಗೆ ಓಡುತ್ತಾ ಓಡುತ್ತಾ ಮೇಲೆ ಬಂತು, ನನ್ನ ಕಾಲಿನ ಹತ್ತಿರಕ್ಕೆ. ಅದನ್ನು ನೋಡುತ್ತಲೇ ಕೇಳಿದೆ, "ಮೇಸ್ತ್ರಿ, ಈ ತುದೀಲಿ ಆಳ ಎಷ್ಟು?"

"ಅದು ಮಕ್ಕಳ ಕಡೆ ಅಮ್ಮಾವ್ರೇ, ಮೂರಡಿ. ಸಂಪಿಗೆ ಕೋಲು ಯಾವಾಗ್ಲೂ ಆಳದಲ್ಲೇ ಇಳಿಸೋದು."

"ಸಂಪಿನ ತಳ ಸಮ ಇರುತ್ತಲ್ಲ?"

ಅವರು ಬಗ್ಗಿ ಕೊಳದ ತಳ ನೋಡಿದರು. ಶಾಲೆಯಲ್ಲಿ ನನಗೆ ಗಣಿತವೆಂದರೆ ಹೆದರಿಕೆ. ಕಾನ್ವೆಂಟಿನ ಸಿಸ್ಟರ್ ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಅವರ ತೋಳಿಗೆ ಅಂಟಿದ ಸೀಮೆಸುಣ್ಣದ ಪುಡಿಯೇ ನೆನಪು. ಎರಡು ತುದಿಗಳ ನಡುವಿನ ಆಳವನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ಬಾಯಲ್ಲಿ ಹೇಳಿದರೆ ಇವರಿಬ್ಬರೂ ನಂಬುವುದಿಲ್ಲ, ನನಗೇ ಪೂರಾ ನಂಬಿಕೆ ಇರಲಿಲ್ಲ. ಮನೆಗೆ ಹೋಗಿ ಕೇಕ್ ಮಾಡುವ ಉದ್ದನೆಯ ಟಿನ್ ತಂದೆ. ಒಂದು ತುದಿಯ ಕೆಳಗೆ ಬೆಂಕಿಪೊಟ್ಟಣ ಇಟ್ಟು ನೀರು ಸುರಿದೆ, ಎತ್ತರದ ಕಡೆ ಒಂದು ಬೆರಳು, ತಗ್ಗಿನ ಕಡೆ ಎರಡು ಬೆರಳು ಬರುವವರೆಗೆ. ಆಮೇಲೆ ಬೆಂಕಿಪೊಟ್ಟಣ ಎಳೆದೆ. ನೀರು ಅತ್ತಿತ್ತ ತೂಗಿ ನಿಂತಿತು. ಎಲ್ಲ ಕಡೆ ಒಂದೂವರೆ ಬೆರಳು.

ನನ್ನ ಗಂಡ ಬಗ್ಗಿ ನೋಡಿದರು. "ಕೇಕ್ ತಿನ್ನಿಸ್ತೀಯಾ ಅಂದ್ಕೊಂಡೆ."

ಮೇಸ್ತ್ರಿ ನಗಲಿಲ್ಲ. "ಹಂಗಾದ್ರೆ ಮೂರು, ಆರು, ನಡುಮಧ್ಯ ನಾಲ್ಕೂವರೆ" ಎಂದು ತಮಗೇ ಹೇಳಿಕೊಂಡರು.

"ಇಳಿಜಾರು ಒಂದೇ ಸಮ ಇದ್ರೆ ಮಾತ್ರ. ನಡುವೆ ಎಲ್ಲಾದ್ರೂ ದಿಢೀರ್ ಅಂತ ಇಳಿದಿದ್ರೆ ಈ ಲೆಕ್ಕ ತಪ್ಪುತ್ತೆ" ಎಂದೆ.

ಅದು ಅವರಿಗೆ ತಾಕಿತು. "ಈ ಕೊನೆಯಿಂದ ಆ ಕೊನೆಗೆ ನಾನೇ ದಾರ ಎಳೆದು ಕಟ್ಟಿರೋದು ಅಮ್ಮಾವ್ರೇ" ಎಂದು ಕೊಳಕ್ಕೆ ಇಳಿದರು. ನಮ್ಮೆದುರೇ ಮತ್ತೆ ದಾರ ಎಳೆಸಿ, ನಾಲ್ಕು ಕಡೆ ದಾರದ ಕೆಳಗೆ ಬೆರಳು ತೂರದ್ದನ್ನು ತೋರಿಸಿದರು. ದಾರ ಎಲ್ಲೂ ನೆಲ ಬಿಟ್ಟಿರಲಿಲ್ಲ. ಮೇಲೆ ಬಂದು ಅದೇ ಕಾಗದದಲ್ಲಿ ಹಳೆಯದನ್ನು ಹೊಡೆದುಹಾಕಿ ಬರೆದರು: ಎರಡು ಸಾವಿರದ ಏಳುನೂರು ಘನ ಅಡಿ, ಎಪ್ಪತ್ತಾರು ಸಾವಿರ ಲೀಟರ್ ಚಿಲ್ಲರೆ. ಹದಿಮೂರು ಟ್ಯಾಂಕರ್.

"ನೀರು ಟೈಲ್‌ವರೆಗೆ ಬರ್ದೇ ಇದ್ರೆ ಸೋಮವಾರ ಆ ತಾಯಂದಿರಿಗೆ ನೀನೇ ಉತ್ತರ ಹೇಳ್ಬೇಕು" ಎಂದರು ಗಂಡ.

ಶನಿವಾರ ಏಳು ಬಂದವು. ಭಾನುವಾರ ನಾನು ಕೊಡೆ ಹಿಡಿದು ಅಲ್ಲೇ ಕುಳಿತಿದ್ದೆ. ಹನ್ನೊಂದನೆಯದು ಮುಗಿದಾಗಲೂ ನೀಲಿ ಟೈಲ್ ಒಣಗಿಯೇ ಇತ್ತು. ಹನ್ನೆರಡಾದ ಮೇಲೂ ನಾಲ್ಕು ಬೆರಳು ಬಾಕಿ. ಹದಿಮೂರನೆಯದರ ಪೈಪು ಇಳಿಯಿತು. ಅದರಲ್ಲಿ ಮುಕ್ಕಾಲು ಖಾಲಿಯಾಗುವ ಹೊತ್ತಿಗೆ ನೀರು ಎರಡೂ ತುದಿಯಲ್ಲಿ ಒಟ್ಟಿಗೆ ನೀಲಿ ಗೆರೆ ಮುಟ್ಟಿತು. ಮೇಸ್ತ್ರಿ ಕೈ ಎತ್ತಿ ಟ್ಯಾಂಕರ್ ನಿಲ್ಲಿಸಿದರು.

ಉಳಿದ ನೀರನ್ನು ಅಜ್ಜಿಯ ತೋಟಕ್ಕೇ ವಾಪಸು ಕಳಿಸಿದೆವು. ಅಜ್ಜಿ ಸಾಲುಗಳ ನಡುವೆ ನಿಂತು ಪೈಪು ತಿರುಗಿಸುತ್ತಾ, "ಕೊಟ್ಟ ನೀರ ವಾಪಸ್ ತಂದೋರ ನಾ ಕಂಡಿಲ್ಲ ಕಣಮ್ಮ" ಎಂದರು.

ಸೋಮವಾರ ಹನ್ನೆರಡರಲ್ಲಿ ಹನ್ನೊಂದು ಹುಡುಗಿಯರು ಬಂದರು. ಮೂರಡಿಯ ತುದಿಯಲ್ಲಿ ಗೋಡೆ ಹಿಡಿದು ಕಾಲು ಬಡಿದರು. ಅವರ ಬಟ್ಟೆಗಳನ್ನು ಕಾಯುತ್ತಾ ಕುಳಿತವಳು ಈ ಸಲವೂ ನಾನೇ.