ಊರಿನ ಪಟ್ಟಿಗೆ ಸೇರದ ಬಸುರಿ

ಆಂಧ್ರದ ಕಂಬದೂರು ಮಂಡಲದ ಒಂದು ಊರಿನಲ್ಲಿ ನಾನು ನರ್ಸಾಗಿದ್ದ ಕಾಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ, ನಮ್ಮ ಅಕ್ಕ, ಅಡುಗೆಮನೆಯಲ್ಲಿ ಕುಸಿದು ಬಿದ್ದರು. ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತೂ ಹೋಯಿತು. ಅನಂತಪುರದ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಅವರ ಬಾಯಿಂದ ಬರುತ್ತಿದ್ದದ್ದು "ಊ" ಎನ್ನುವ ಒಂದೇ ಸದ್ದು.

ಬೀಳುವ ಮೊದಲು ಅವರು ಊರಿನ ಮನೆಮನೆ ಸಮೀಕ್ಷೆ ಮುಗಿಸಿದ್ದರು. ಆ ಬರಹದಿಂದ ಊರಿನ ಪಟ್ಟಿ ತಯಾರಾಗಬೇಕಿತ್ತು: ಬಸುರಿಯರು ಯಾರು, ವರ್ಷದೊಳಗಿನ ಕೂಸುಗಳು ಎಷ್ಟು, ಬಿಪಿ, ಸಕ್ಕರೆ, ಮೂರ್ಛೆ ರೋಗ ಇರುವವರು ಯಾರು. ಆ ಪಟ್ಟಿ ನೋಡಿಕೊಂಡೇ ನಾನು ಲಸಿಕೆ ತರಿಸುವುದು. ತಿಂಗಳಿಗೊಮ್ಮೆ ಬರುವ 104 ಸಂಚಾರಿ ಆಸ್ಪತ್ರೆಯ ಗಾಡಿಯವರು ಮಾತ್ರೆ ತರುವುದೂ ಅದರ ಮೇಲೆಯೇ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ನಾವು ಯಾರೂ ಕಾಯುವುದಿಲ್ಲ.

ಅಕ್ಕನ ಗಂಡ ಮಗ್ಗ ನೇಯುವವರು. ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೋಟ್‌ಬುಕ್ಕು, ಬಿಡಿ ಹಾಳೆಗಳನ್ನು ಹಾಕಿ ನನ್ನ ಕೈಗೆ ಕೊಟ್ಟರು. ಅಕ್ಕ ಓದಿದ್ದು ಪಾವಗಡದ ಕಡೆ, ಕನ್ನಡದಲ್ಲಿ. ಅದಕ್ಕೇ ಬರೆದದ್ದೆಲ್ಲ ಕನ್ನಡ. ಪಟ್ಟಿ ಹೋಗಬೇಕಾದದ್ದು ತೆಲುಗಿನಲ್ಲಿ. ನಾನು ಹಿಂದೂಪುರದ ಪಕ್ಕದವಳು, ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಓದಿದವಳು. ಎರಡೂ ಭಾಷೆ ಬರುತ್ತವೆ, ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡೆ.

ಕೂತ ಮೇಲೆ ಗೊತ್ತಾಯಿತು, ಕಷ್ಟ ಇದ್ದದ್ದು ಭಾಷೆಯಲ್ಲಲ್ಲ. ಅಕ್ಕ ಬರೆದದ್ದು ಮನೆಗಳನ್ನು, ನನಗೆ ಬೇಕಾದದ್ದು ಮನುಷ್ಯರನ್ನು. 'ಬೇವಿನ ಮರದ ಮನೆ. ಅಜ್ಜಂಗೆ ಬಿಪಿ, ಮಾತ್ರೆ ಬಿಟ್ಟವ್ನೆ. ಸೊಸೆ ಬಸುರಿ, ಮೊದಲನೇದು ಆಪರೇಷನ್. ಕೂಸು ಗಣೇಶನ ಹಬ್ಬಕ್ಕೆ ಮೂರು ದಿನ ಮುಂಚೆ.' ಇದನ್ನು ಒಡೆದು ಮೂರು ಕಡೆ ಬರೆಯಬೇಕು. ಕೂಸು ಹುಟ್ಟಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಹುಡುಕಬೇಕು, ಮುಂದಿನ ಲಸಿಕೆ ಯಾವ ಬುಧವಾರಕ್ಕೆ ಬರುತ್ತದೆಂದು ಎಣಿಸಬೇಕು. ಸೊಸೆಯ ಕೊನೆಯ ಮುಟ್ಟಿನ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿ ಹೆರಿಗೆಯ ದಿನ ಬರೆಯಬೇಕು, ಹಿಂದಿನ ಆಪರೇಷನ್ನಿಗಾಗಿ ಹೆಸರಿನ ಮುಂದೆ ಕೆಂಪು ಗುರುತು ಹಾಕಬೇಕು. ಸೊಸೆ ಈಗ ಬಸುರಿಯಾದರೆ ಕೂಸು ಯಾರದು, ಇನ್ನೊಬ್ಬ ಸೊಸೆಯದೋ, ಹೆರಿಗೆಗೆ ತವರಿಗೆ ಬಂದ ಮಗಳದೋ? ಅಕ್ಕನಿಗೆ ಗೊತ್ತಿತ್ತು, ಹಾಳೆಗೆ ಗೊತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಪಟ್ಟಿ ಒಪ್ಪಿಸುವ ಮೀಟಿಂಗ್. ಬೇರೆ ದಾರಿ ಕಾಣದೆ ಅಕ್ಕನ ಮನೆಗೆ ಹೋದೆ. ನಡುಮನೆಯಲ್ಲಿ ಮಗ್ಗದ ಪಕ್ಕದಲ್ಲೇ ಮಂಚ ಹಾಕಿದ್ದರು. ಮಗ್ಗದಲ್ಲಿ ಅರ್ಧ ನೇಯ್ದ ಸೀರೆ ಹಾಗೇ ಬಿಗಿದು ನಿಂತಿತ್ತು.

"ಹಿಂಸೆ ಮಾಡ್ಬ್ಯಾಡಮ್ಮ ಅವಳ್ನ," ಅಂದರು ಗಂಡ. "ಮಾತಾಡಕ್ಕೆ ಹೋಯ್ತಾಳೆ, ಬರಾಕಿಲ್ಲ, ಅತ್ಬುಡ್ತಾಳೆ."

"ಮಾತು ಬ್ಯಾಡ ಅಣ್ಣ. ನಾನು ಓದ್ತೀನಿ, ಅಕ್ಕ ಹೌದಾದ್ರೆ ಕಣ್ಣು ಮುಚ್ಲಿ ಸಾಕು."

ಅಕ್ಕ ಆಗಲೇ ಕಣ್ಣು ಮುಚ್ಚಿ ತೆರೆದಿದ್ದರು.

ಹೀಗೆ ಶುರು ಮಾಡಿದೆವು. ನಾನು ಒಂದು ಮನೆ ಓದುವುದು, ಕೂಸು ಮಗಳದಾ ಎಂದು ಕೇಳುವುದು. ಕಣ್ಣು ಮುಚ್ಚಿದರೆ ಬರೆಯುವುದು, ಮುಚ್ಚದಿದ್ದರೆ ಇನ್ನೊಂದು ಪ್ರಶ್ನೆ. ಒಂದೊಂದು ಮನೆಗೆ ಬೆವರಿಳಿಯುತ್ತಿತ್ತು, ಅವರಿಗೂ, ನನಗೂ. ಒಬ್ಬಳೇ ಹುಡುಗಿಯನ್ನು ಗಂಡನ ಮನೆಯಲ್ಲೊಮ್ಮೆ, ಅದೇ ಊರಿನ ತವರಿನಲ್ಲೊಮ್ಮೆ ಎರಡು ಸಲ ಬರೆದಿದ್ದದ್ದು ಹಾಗೇ ತಿಳಿಯಿತು. ಒಂದನ್ನು ಹೊಡೆದು ಹಾಕಿದೆ.

ಅಕ್ಕನದೇ ಮನೆಯ ಹಾಳೆ ಬಂದಾಗ ಗಂಡ ನನ್ನ ಹತ್ತಿರ ಬಂದು ಕೂತರು. "ಇವಳನ್ನ ಯಾವ್ದ್ರಾಗೆ ಬರೀತೀಯಮ್ಮ?"

"ಬಹಳ ದಿನದ ಕಾಯಿಲೆಯೋರ ಪಟ್ಟಿಗೆ ಅಣ್ಣ. ಬರೆದ್ರೆ ಗಾಡಿಯೋರು ಬಿಪಿ ಮಾತ್ರೆ ಮನೆಗೇ ತಂದ್ಕೊಡ್ತಾರೆ. ಕೈಕಾಲು ಆಡ್ಸೋದ್ನೂ ತೋರಿಸ್ಕೊಡ್ತಾರೆ."

"ಬರಿ ಹಂಗಾರೆ," ಅಂದು ಅವರು ಎದ್ದು ಹಿತ್ತಲಿಗೆ ಹೋದರು. ಅಕ್ಕನ ಎದುರಿಗೇ ಅಕ್ಕನ ಹೆಸರು ಬರೆದೆ. ಅವರು ನನ್ನ ಪೆನ್ನನ್ನೇ ನೋಡುತ್ತಿದ್ದರು.

ಆಮೇಲೆ ಒಂದು ಬಿಡಿ ಹಾಳೆ ಕೈಗೆ ಬಂತು. 'ಕೆರೆ ಕೆಳಗಿನ ಮನೆ. ಸೋದರತ್ತೆ ಮನೇಗೆ ಬಂದವ್ಳೆ. ಕುರಿ ಮೇಸೋರು. ಉಗಾದಿಗೆ ಮುಟ್ಟಾಗಿದ್ದೇ ಕೊನೆ. ಕಣ್ಣು ಬೆಳ್ಳಗೆ. ನಾಕು ಹೆಜ್ಜೆಗೇ ಏದುಸಿರು. ತಾಯಿ ಕಾರ್ಡಿಲ್ಲ.' ಹೆಸರು ಬರೆದಿರಲಿಲ್ಲ.

ಓದಿ ಮುಗಿಸುವ ಮೊದಲೇ ಅಕ್ಕ ತಲೆ ಎತ್ತಲು ಹೊರಟರು. "ಊ... ಊ..." ಎಡಗೈಯಿಂದ ಮಂಚದ ಅಂಚನ್ನು ಬಡಿದರು. ಬಾಯಿಯ ಒಂದು ಬದಿ ಮಾತ್ರ ಅಲುಗಿತು. "ಹುಡುಗಿ ಇಲ್ಲೇ ಅವಳಾ ಅಕ್ಕ?" ಕಣ್ಣು ಮುಚ್ಚಲಿಲ್ಲ. "ಹೊರಟು ಹೋದ್ಲಾ?" ಮುಚ್ಚಿದರು, ಮತ್ತೆ ಮುಚ್ಚಿದರು, ಕಣ್ಣೀರು ಕಿವಿಗೆ ಇಳಿಯಿತು. ಹಿತ್ತಲಿಂದ ಓಡಿ ಬಂದ ಗಂಡ, "ಸಾಕ್ ಬುಡಮ್ಮ, ಸಾಯಿಸ್ಬುಡ್ತೀಯಾ!" ಎಂದು ಕೂಗಿದರು. ನಾನು ಹಾಳೆ ಹಿಡಿದು ಹೊರಗೆ ಬಂದೆ.

ಉಗಾದಿಯಿಂದ ಎಣಿಸಿದರೆ ಸಂಕ್ರಾಂತಿ ಹೊತ್ತಿಗೆ ಹೆರಿಗೆ. ಆಗಲೇ ಏಳು ತಿಂಗಳು ದಾಟಿದೆ. ಅಷ್ಟು ರಕ್ತಹೀನತೆಯಲ್ಲಿ ಹೆರಿಗೆಗೆ ಕೂತರೆ ಆ ಜೀವ ಏಳುವುದಿಲ್ಲ.

ನನ್ನ ಮೇಲಧಿಕಾರಿ ಮೇಡಂಗೆ ಫೋನ್ ಮಾಡಿದೆ. ಒಳ್ಳೆಯ ಹೆಂಗಸು, ಅವರ ತಲೆಯ ಮೇಲೂ ಹತ್ತಾರು ಊರಿನ ಪಟ್ಟಿಗಳಿದ್ದವು. "ಆಮೆ ಮನ ಊರು ಕಾದು ಕದಮ್ಮಾ," ಅಂದರು ತೆಲುಗಿನಲ್ಲಿ. ಅವಳು ನಮ್ಮೂರಿನವಳಲ್ಲವಲ್ಲ, ಗಂಡನ ಊರಿನವರು ಬರೆದುಕೊಂಡಿರುತ್ತಾರೆ, ನೀನು ಪಟ್ಟಿ ಮುಗಿಸು ಅಂತ. ಗಂಡನ ಊರು ಯಾವುದೆಂದೇ ನನಗೆ ಗೊತ್ತಿರಲಿಲ್ಲ. ಅಲ್ಲಿಯವರು, ತವರಿನ ಕಡೆ ಹೋಗಿದ್ದಾಳೆ, ಅಲ್ಲಿ ಬರೆದುಕೊಂಡಿರುತ್ತಾರೆ ಎಂದುಕೊಂಡು ಸುಮ್ಮನಿದ್ದರೆ?

ಕೆರೆ ಕೆಳಗಿನ ಮನೆಗೆ ಹೋದೆ. ಹುಡುಗಿಯ ಸೋದರತ್ತೆ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು.

"ಹೋಗ್ಬುಟ್ಲು ಕಣಮ್ಮ. ಗಂಡ ಬಂದ, ಕರ್ಕೊಂಡ್ಹೋದ. ಕುರಿ ಜೊತೆ ಅವ್ರೆ."

"ಎಲ್ಲಿ?"

"ಕುರಿ ಎಲ್ಲಿ ಮೇಯ್ತವೋ ಅಲ್ಲಿ. ಕಲ್ಯಾಣದುರ್ಗದ ರೋಡ್ನಾಗೆ ಹೊಲದಾಗೆ ಮಂದೆ ಹಾಕವ್ರೆ ಅಂದ್ರು. ಅವ್ನು ಫೋನು ಎತ್ತಾಕಿಲ್ಲ."

"ಬಾ ನನ್ ಜೊತೆ."

"ಈಗ್ಲಾ? ಅಲ್ಲಿ ಅವಳ ಅತ್ತೆ ಅವ್ಳೆ, ನನ್ನ ಉಗೀತಾಳೆ."

"ನನ್ನೂ ಉಗೀಲಿ ಬಾ."

ಪಟ್ಟಿ ಅರ್ಧಕ್ಕೆ ನಿಂತಿತು. ಊರಿನ ಆಟೋದಲ್ಲಿ ಇಬ್ಬರೂ ಹೊರಟೆವು. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಗೊಬ್ಬರಕ್ಕೆಂದು ರೈತರು ಕುರಿ ಮಂದೆ ನಿಲ್ಲಿಸಿಕೊಳ್ಳುವ ಕಾಲ ಅದು. ಒಂದು ಮಂದೆ ಕಂಡರೆ ಇಳಿಯುವುದು, ಕೇಳುವುದು, ಮತ್ತೆ ಹತ್ತುವುದು. ಒಬ್ಬ ಇನ್ನೂ ಮುಂದಕ್ಕೆ ಹೋಗಿ ಅಂದ, ಇನ್ನೊಬ್ಬ ಅವರು ಪಾವಗಡದ ಕಡೆ ದಾಟಿ ಹೋದರು ಅಂದ. ಆಟೋದವನು ಇನ್ನು ಮುಂದೆ ಬರಲ್ಲ ಅಂದ, ನಾನು ಕೈಮುಗಿದೆ. ಟೀ ಅಂಗಡಿಯೊಂದರಲ್ಲಿ ಕೇಳಿದರೆ ಅಂಗಡಿಯವಳು, "ಆ ಬಿಳಿಚಿಕೊಂಡಿರೋ ಬಸುರಿನಾ? ನಿನ್ನೆ ನೀರಿಗೆ ಬಂದು ಇಲ್ಲೇ ಕೂತ್ಬುಟ್ಲು, ಏಳಾಕೇ ಆಗ್ಲಿಲ್ಲ," ಎಂದು ಹುಣಸೆಮರಗಳ ಹಿಂದಿನ ಹೊಲ ತೋರಿಸಿದಳು.

ಹೊಲದ ನಡುವೆ ಬಲೆ ಕಟ್ಟಿದ ಕುರಿಹಟ್ಟಿ, ಪಕ್ಕದಲ್ಲಿ ಟಾರ್ಪಾಲಿನ ಗುಡಾರ. ಹುಡುಗಿ ನೆರಳಿಗೆ ಒರಗಿ ಕೂತಿದ್ದಳು. ಇಪ್ಪತ್ತು ದಾಟಿರಲಿಲ್ಲವೇನೋ. ಕೆಳರೆಪ್ಪೆ ಎಳೆದು ನೋಡಿದೆ, ಕಾಗದದ ಹಾಗಿತ್ತು. ಕಾಲು ಊದಿಕೊಂಡಿದ್ದವು. ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದರೆ ಹನ್ನೊಂದಾದರೂ ಇರಬೇಕಾದ ಹಿಮೋಗ್ಲೋಬಿನ್ ಐದೂ ಇರಲಿಲ್ಲ. ಕಬ್ಬಿಣದ ಮಾತ್ರೆಯಿಂದ ಮುಗಿಯುವ ಮಾತಲ್ಲ ಅದು, ರಕ್ತವೇ ಕೊಡಬೇಕು.

"ಕೂಸು ಆಡ್ತೈತೇನಮ್ಮ?"

ಅವಳು ನೆನಪು ಮಾಡಿಕೊಂಡಳು. "ನಿನ್ನೆಯಿಂದ ಕಾಣೆ."

ಕೂಸಿನ ಎದೆಬಡಿತ ಕೇಳಲು ಹೊಟ್ಟೆಗೆ ಸ್ಟೆತಸ್ಕೋಪ್ ಇಟ್ಟೆ. ಬಲಕ್ಕಿಟ್ಟೆ, ಎಡಕ್ಕಿಟ್ಟೆ, ಹೊಕ್ಕುಳ ಕೆಳಗಿಟ್ಟೆ. ಕುರಿಗಳ ಸದ್ದಿಗೆ ಕೇಳುತ್ತಿಲ್ಲ ಎಂದುಕೊಂಡು ಮತ್ತೆ ಇಟ್ಟೆ.

ಅವಳ ಅತ್ತೆ ಅಡ್ಡ ನಿಂತಳು. "ಆಸ್ಪತ್ರೆ ಸೇರಿಸ್ದ್ರೆ ಜೊತೆಗ್ಯಾರು ಇರ್ತಾರೆ? ಕುರಿ ಯಾರು ಕಾಯ್ತಾರೆ? ನಾವೆಲ್ಲ ಹೊಲದಾಗೇ ಹೆತ್ತೋರು."

"ಅಮ್ಮಾ, ಇವಳು ಸಾಯ್ತಾಳೆ," ಅಂದೆ. "ಈ ಹೊಲದಾಗೇ ಸಾಯ್ತಾಳೆ. ನಾನು ಬಿಟ್ಟು ಹೋಗಲ್ಲ, ಇಲ್ಲೇ ಕೂತ್ಕೋತೀನಿ." ನಿಜವಾಗಿಯೂ ಮಣ್ಣಿನಲ್ಲಿ ಕೂತುಬಿಟ್ಟೆ. ಅಲ್ಲಿಯವರೆಗೆ ದೂರ ನಿಂತಿದ್ದ ಗಂಡ ಕಂಬಳಿ ಕೆಳಗೆ ಹಾಕಿ ಬಂದು, ಹೆಂಡತಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ನಾನು ಕರೆದ 108 ಆಂಬುಲೆನ್ಸ್ ಹೊಲಕ್ಕೆ ಬರುವಂತಿರಲಿಲ್ಲ. ರಸ್ತೆಯವರೆಗೆ ಅವಳನ್ನು ಹೊತ್ತೇ ನಡೆದ.

ಕಲ್ಯಾಣದುರ್ಗದಲ್ಲಿ ನೋಡಿದ ತಕ್ಷಣ ಅನಂತಪುರಕ್ಕೆ ಕಳಿಸಿದರು. ಅಲ್ಲಿ ರಕ್ತ ಏರಿಸಿದರು. ತಾಯಿ ಉಳಿದಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು, ರಾತ್ರಿಯೇ ಹೆರಿಗೆ ಮಾಡಿಸಿ ತೆಗೆದರು.

ಮಾರನೆಯ ದಿನ ಮೀಟಿಂಗಿನಲ್ಲಿ ನನ್ನ ಪಟ್ಟಿ ಅರ್ಧವೇ ಇತ್ತು. ಮೇಡಂ ಬೈಯಲಿಲ್ಲ. ಆ ಹುಡುಗಿಯ ಹೆಸರು, ಗಂಡನ ಊರು ಎರಡೂ ಕೇಳಿ, ಆ ಊರಿನ ನರ್ಸಿಗೆ ತಾವೇ ಫೋನ್ ಮಾಡಿದರು. ಅಲ್ಲಿ ಅವಳ ಹೆಸರು ಇರಲಿಲ್ಲ. ಎರಡು ಊರಿನಲ್ಲೂ ಇರಲಿಲ್ಲ. "ಇಲ್ಲೇ ಬರೀ," ಅಂದರು, ಈ ಸಲ ಕನ್ನಡದಲ್ಲೇ. ಬಾಣಂತಿ ಎಂದು ಬರೆದೆ. ಅದರ ಮುಂದೆ ಕೂಸಿನ ಸಾಲು ಖಾಲಿ ಬಿಟ್ಟೆ.

ಉಳಿದ ಮನೆಗಳಿಗೆ ನಾನೇ ಬಾಗಿಲು ಬಾಗಿಲಿಗೆ ಹೋಗಿ ಪಟ್ಟಿ ಮುಗಿಸಿದೆ. ಆ ವಾರವೆಲ್ಲ ಅಕ್ಕನ ಮನೆಯ ಕಡೆ ಹೋಗುವ ಧೈರ್ಯವಾಗಲಿಲ್ಲ. ಕೊನೆಗೆ ಮಾತ್ರೆ ಕೊಡಲು ಹೋಗಲೇಬೇಕಾಯಿತು. ಬಾಗಿಲಲ್ಲೇ ಗಂಡ ಮೆಲ್ಲಗೆ, "ಹೇಳ್ಬ್ಯಾಡಮ್ಮ ಅವಳ್ಗೆ, ಎಲ್ಲಾ ಚೆಂದಾಗೈತೆ ಅಂದ್ಬುಡು," ಅಂದರು.

"ಹುಡುಗಿ ಸಿಕ್ಕಿದ್ಲು ಅಕ್ಕ. ರಕ್ತ ಕೊಟ್ರು. ಚೆನ್ನಾಗವ್ಳೆ."

ಅಕ್ಕ ಕಣ್ಣು ಮುಚ್ಚಿ ತೆರೆದರು. ಆಮೇಲೆ ಎಡಗೈಯನ್ನು ಕಷ್ಟಪಟ್ಟು ಎದೆಯ ಮೇಲೆ ತಂದು, ಮಗುವನ್ನು ಅವಚಿ ಹಿಡಿದಂತೆ ಮಡಚಿ, ನನ್ನ ಮುಖ ನೋಡಿದರು.

ಗಂಡ ನನ್ನನ್ನೇ ನೋಡುತ್ತಿದ್ದರು. ನನಗೆ ಸುಳ್ಳು ಹೇಳಲು ಆಗಲಿಲ್ಲ.

"ಇಲ್ಲ ಅಕ್ಕ."

ಮಡಚಿದ ಕೈ ಬಹಳ ಹೊತ್ತು ಹಾಗೇ ಇತ್ತು. ಗಂಡ ಬಂದು ಅದನ್ನು ಬಿಡಿಸಿ, ಪಕ್ಕಕ್ಕೆ ಇಟ್ಟು, ಹೊದಿಕೆ ಸರಿ ಮಾಡಿದರು.